34,000 ಎರಡು ಸಲ ಬಂದ ಉತ್ತರ: ಒಂದು ಸವಕಳಿ ಲೆಕ್ಕದ ಮೌಲ್ಯಮಾಪನ

ಹನ್ನೆರಡು ಅಂಕದ ಪ್ರಶ್ನೆ. ಒಂದೇ ಉತ್ತರಕ್ಕೆ ಒಬ್ಬ ಮೌಲ್ಯಮಾಪಕರು 6 ಕೊಟ್ಟಿದ್ದರು, ಇನ್ನೊಬ್ಬರು 11. ಇಬ್ಬರ ಕೈಯಲ್ಲೂ ಇದ್ದದ್ದು ಒಂದೇ ಸ್ಕೀಮು, ಇಬ್ಬರೂ ವರ್ಷಗಟ್ಟಲೆ ಲೆಕ್ಕಶಾಸ್ತ್ರ ಕಲಿಸಿದವರು. ಇಷ್ಟು ಅಂತರವನ್ನು ಸರಾಸರಿ ಮಾಡಿ ಮುಗಿಸುವ ಹಾಗಿರಲಿಲ್ಲವಾದ್ದರಿಂದ ಪತ್ರಿಕೆ ಮೂರನೇ ಓದಿಗೆ ನನ್ನ ಮೇಜಿಗೆ ಬಂತು. ಬರೆದವರು ಹುಡುಗನೋ ಹುಡುಗಿಯೋ ನನಗೆ ಗೊತ್ತಿಲ್ಲ, ಪತ್ರಿಕೆಯ ಮೇಲೆ ಸಂಖ್ಯೆ ಮಾತ್ರ ಇತ್ತು. ಹೇಳಲು ಸುಲಭವಾಗಲೆಂದು ಹುಡುಗಿ ಎಂದೇ ಕರೆಯುತ್ತೇನೆ.

ಪ್ರಶ್ನೆ ಹೀಗಿತ್ತು: 2020ರ ಏಪ್ರಿಲ್ 1ರಂದು 1,90,000ಕ್ಕೆ ಒಂದು ಯಂತ್ರ ಕೊಂಡು, ಅದರ ಜೋಡಣೆಗೆ 10,000 ಖರ್ಚು ಮಾಡಲಾಯಿತು. ಸವಕಳಿ ವಾರ್ಷಿಕ ಶೇ. 20, ಇಳಿಕೆ ಶಿಲ್ಕು ವಿಧಾನ. ಪ್ರತಿ ವರ್ಷ ಡಿಸೆಂಬರ್ 31ಕ್ಕೆ ಲೆಕ್ಕ ಮುಗಿಸಲಾಗುತ್ತದೆ. 2023ರ ಜೂನ್ 30ರಂದು ಯಂತ್ರವನ್ನು 1,00,000ಕ್ಕೆ ಮಾರಲಾಯಿತು. ಯಂತ್ರದ ಖಾತೆಯನ್ನು ತಯಾರಿಸಿ.

ಸರಿಯುತ್ತರದಲ್ಲಿ ತಿರುವುಗಳೇನಿಲ್ಲ. ಜೋಡಣೆಯ ಖರ್ಚು ಯಂತ್ರದ ಬೆಲೆಯೊಳಗೇ ಸೇರುತ್ತದೆ, ಹಾಗಾಗಿ ಮೂಲ ಬೆಲೆ 2,00,000. ಮೊದಲ ವರ್ಷ ಯಂತ್ರ ಇದ್ದದ್ದು ಒಂಬತ್ತು ತಿಂಗಳು, ಸವಕಳಿ 30,000. ಅಲ್ಲಿಂದ ಮುಂದೆ ಆಯಾ ವರ್ಷದ ಆರಂಭದ ಶಿಲ್ಕಿನ ಮೇಲೆ ಶೇ. 20. ಮಾರಿದ ವರ್ಷ ಆರು ತಿಂಗಳಿಗೆ ಮಾತ್ರ. ಕೊನೆಗೆ ಪುಸ್ತಕ ಮೌಲ್ಯ 97,920 ಉಳಿಯುತ್ತದೆ, 1,00,000ಕ್ಕೆ ಮಾರಿದ್ದರಿಂದ ಲಾಭ 2,080.

ಹುಡುಗಿಯ ಖಾತೆಯ ಅಂಕಿಗಳನ್ನು ಇದರ ಪಕ್ಕದಲ್ಲಿಟ್ಟರೆ:

| | ಸರಿಯುತ್ತರ | ಅವಳ ಉತ್ತರ |
|---|---|---|
| ಮೂಲ ಬೆಲೆ | 2,00,000 | 2,00,000 |
| 2020ರ ಸವಕಳಿ | 30,000 | 30,000 |
| 2020ರ ಅಂತ್ಯದ ಶಿಲ್ಕು | 1,70,000 | 1,70,000 |
| 2021ರ ಸವಕಳಿ | 34,000 | 34,000 |
| 2021ರ ಅಂತ್ಯದ ಶಿಲ್ಕು | 1,36,000 | 1,36,000 |
| 2022ರ ಸವಕಳಿ | 27,200 | 34,000 |
| 2022ರ ಅಂತ್ಯದ ಶಿಲ್ಕು | 1,08,800 | 1,02,000 |
| 2023ರ ಸವಕಳಿ, 6 ತಿಂಗಳು | 10,880 | 17,000 |
| ಮಾರಿದ ದಿನದ ಪುಸ್ತಕ ಮೌಲ್ಯ | 97,920 | 85,000 |
| ಲಾಭ | 2,080 | 15,000 |

ಸ್ಕೀಮಿನಲ್ಲಿ ಹನ್ನೆರಡು ಅಂಕ ಹಂಚಿಕೆಯಾಗಿದ್ದ ಬಗೆ ಇದು. ಜೋಡಣೆ ಸೇರಿಸಿದ ಮೂಲ ಬೆಲೆಗೆ 1. ಮೊದಲ ವರ್ಷದ ಸವಕಳಿಗೆ 2, ಅದರಲ್ಲಿ ಒಂದು ದರ ಹಾಕಿದ್ದಕ್ಕೆ, ಇನ್ನೊಂದು ತಿಂಗಳು ಎಣಿಸಿದ್ದಕ್ಕೆ. ಎರಡನೇ ವರ್ಷಕ್ಕೆ 1, ಮೂರನೇ ವರ್ಷಕ್ಕೆ 1. ಮಾರಿದ ವರ್ಷದ ಸವಕಳಿಗೆ 2, ಸರಿಯಾದ ಮೊತ್ತದ ಮೇಲೆ ದರ ಹಾಕಿದ್ದಕ್ಕೆ ಒಂದು, ತಿಂಗಳಿಗೆ ಒಂದು. ಮಾರಾಟದ ನಮೂದಿಗೆ 1. ಲಾಭಕ್ಕೆ 2, ಕಂಡುಹಿಡಿದದ್ದಕ್ಕೆ ಒಂದು, ಸರಿಯಾದ ಬದಿಯಲ್ಲಿ ಬರೆದದ್ದಕ್ಕೆ ಒಂದು. ವರ್ಷಾಂತ್ಯದ ಶಿಲ್ಕು ತೆಗೆದು ಮುಂದಿನ ವರ್ಷಕ್ಕೆ ತಂದದ್ದಕ್ಕೆ ಒಟ್ಟು 2.

ಇದರ ಕೆಳಗೆ ಎರಡು ಸಾಮಾನ್ಯ ಸೂಚನೆಗಳಿದ್ದವು. ಹಿಂದಿನ ಹಂತದ ಅಂಕಿ ತಪ್ಪಿದ್ದು, ಮುಂದಿನ ಹಂತವನ್ನು ಆ ಅಂಕಿಯಿಂದಲೇ ಸರಿಯಾಗಿ ಮಾಡಿದ್ದರೆ ಮುಂದಿನ ಹಂತದ ಅಂಕ ಕೊಡಬೇಕು. ಒಂದೇ ತಪ್ಪಿಗೆ ಎರಡು ಸಲ ಅಂಕ ಕಳೆಯಬಾರದು. ಮೊದಲನೆಯದನ್ನು ನಮ್ಮಲ್ಲಿ ‘ಸ್ವಂತ ಅಂಕಿ’ ಎನ್ನುತ್ತಾರೆ. ಜಗಳ ಹುಟ್ಟಿದ್ದು ಈ ಎರಡು ಸೂಚನೆಗಳಿಂದಲೇ.

6 ಕೊಟ್ಟವರ ಲೆಕ್ಕ ಸರಳ. ಮೂರನೇ ವರ್ಷ ತಪ್ಪು, 1 ಹೋಯಿತು. ನಾಲ್ಕನೇ ವರ್ಷದ 17,000 ಉತ್ತರದ ಕೀಯಲ್ಲಿಲ್ಲ, 2 ಹೋಯಿತು. ಲಾಭ 2,080 ಅಲ್ಲ, ಮತ್ತೆ 2 ಹೋಯಿತು. ಕೊನೆಯ ಶಿಲ್ಕೂ ತಪ್ಪಿದ್ದರಿಂದ ಶಿಲ್ಕಿನ ಅಂಕದಲ್ಲಿ 1. ಒಟ್ಟು ಆರು ಕಳೆದು ಆರು ಉಳಿಯಿತು. ಕೀಯನ್ನು ಎಡಗಡೆ, ಉತ್ತರವನ್ನು ಬಲಗಡೆ ಇಟ್ಟುಕೊಂಡು ಹೊಂದಿಸುತ್ತ ಹೋದರೆ ಬರುವ ಮೊತ್ತ ಇದೇ. ನೂರಾರು ಪತ್ರಿಕೆಗಳ ನಡುವೆ, ಊಟಕ್ಕೆ ಮುಂಚಿನ ಕೊನೆಯ ಕಟ್ಟಿನಲ್ಲಿ, ಯಾರ ಕೈಯಿಂದಲೂ ಹೀಗಾಗಬಹುದು. ಆದರೆ ಇದು ಸ್ಕೀಮು ಹೇಳಿದ ಮೌಲ್ಯಮಾಪನ ಅಲ್ಲ. ಸ್ವಂತ ಅಂಕಿಯ ಸೂಚನೆಯನ್ನು ಅವರು ತೆರೆದೇ ನೋಡಿರಲಿಲ್ಲ.

11 ಕೊಟ್ಟವರ ವಾದಕ್ಕೆ ಹೆಚ್ಚು ಗಟ್ಟಿಯಿತ್ತು. “ಸರ್, ಹುಡುಗಿ ಮಾಡಿರೋದು ಒಂದೇ ತಪ್ಪು. ಮೂರನೇ ವರ್ಷ 34,000ವನ್ನೇ ಮತ್ತೆ ಬರೆದುಬಿಟ್ಟಿದಾಳೆ. ಮಿಕ್ಕಿದ್ದೆಲ್ಲ ಅದರಿಂದ ಬಂದದ್ದು. ಒಂದು ತಪ್ಪಿಗೆ ಒಂದು ಅಂಕ ಕಳೆದೆ,” ಎಂದರು. ಕೇಳಿದರೆ ಒಪ್ಪುವ ಹಾಗೇ ಇದೆ. ಆದರೆ “ಮಿಕ್ಕಿದ್ದೆಲ್ಲ ಅದರಿಂದ ಬಂದದ್ದು” ಎನ್ನುವುದನ್ನು ನಂಬುವುದಕ್ಕೆ ಮುಂಚೆ ಲೆಕ್ಕ ಹಾಕಿ ನೋಡಬೇಕಿತ್ತು. ನಾನು ಪೆನ್ಸಿಲ್ ಹಿಡಿದದ್ದು ಅದಕ್ಕೇ.

ಪರೀಕ್ಷಿಸುವ ದಾರಿ ಇದು: ಅವಳ ಮೊದಲ ತಪ್ಪು ಅಂಕಿಯವರೆಗೆ ಅವಳ ಜೊತೆಯಲ್ಲೇ ಹೋಗಿ, ಅಲ್ಲಿಂದ ಮುಂದೆ ಆ ಅಂಕಿಯನ್ನೇ ನನ್ನದೆಂದು ಇಟ್ಟುಕೊಂಡು ಸರಿಯಾದ ವಿಧಾನದಲ್ಲಿ ನಾನೇ ಲೆಕ್ಕ ಮಾಡುವುದು. 2022ರ ಅಂತ್ಯಕ್ಕೆ ಅವಳ ಶಿಲ್ಕು 1,02,000. ಅದರ ಮೇಲೆ ಶೇ. 20ರಂತೆ ಆರು ತಿಂಗಳಿಗೆ 10,200. ಪುಸ್ತಕ ಮೌಲ್ಯ 91,800. ಲಾಭ 8,200. ಮೂರನೇ ವರ್ಷ ನಡೆದದ್ದು ಬರೀ ಕಣ್ತಪ್ಪಾಗಿದ್ದರೆ, ಅಂದರೆ ಮೇಲಿನ ಸಾಲಿನ 34,000 ಕೆಳಗಿನ ಸಾಲಿಗೆ ಜಾರಿದ್ದರೆ, ಉತ್ತರದ ಕೊನೆಯಲ್ಲಿ 8,200 ಕಾಣಬೇಕಿತ್ತು. ಕಂಡದ್ದು 15,000.

ಹಾಗಾದರೆ 17,000 ಎಲ್ಲಿಂದ ಬಂತು? ಅವಳ ಖಾತೆಯಲ್ಲಿ ಆ ವರ್ಷದ ಆರಂಭದ ಶಿಲ್ಕು 1,02,000. ಅದರಿಂದ 17,000 ಹುಟ್ಟುವುದಿಲ್ಲ. ಮೂಲ ಬೆಲೆ 2,00,000ದ ಮೇಲೆ ಶೇ. 20 ಹಾಕಿ ಅರ್ಧ ಮಾಡಿದರೆ 20,000, ಅದೂ ಅಲ್ಲ. 17,000 ಎಂದರೆ 34,000ದ ಅರ್ಧ. ಆ 34,000 ಎಂದರೆ 1,70,000ದ ಶೇ. 20. ಪುಟ ತಿರುಗಿಸಿದಾಗ ಲೆಕ್ಕದ ಟಿಪ್ಪಣಿಗಳಲ್ಲಿ ಇದಕ್ಕೆ ಅವಳದೇ ಕೈಬರಹದ ಸಾಕ್ಷಿ ಸಿಕ್ಕಿತು. 2021ಕ್ಕೆ ಅವಳು ಹೀಗೆ ಬರೆದಿದ್ದಳು:

```
1,70,000 × 20/100 = 34,000
```

2022ಕ್ಕೆ ಟಿಪ್ಪಣಿಯೇ ಇಲ್ಲ, ‘ಮೇಲಿನಂತೆ’ ಎಂದಷ್ಟೇ ಇದೆ. 2023ಕ್ಕೆ:

```
34,000 × 6/12 = 17,000
```

‘ಮೇಲಿನಂತೆ’ ಎನ್ನುವ ಆ ಒಂದು ಪದ ಇಡೀ ಉತ್ತರವನ್ನು ಬೇರೆ ಬೆಳಕಿನಲ್ಲಿ ತೋರಿಸಿತು. ಕೈ ಜಾರಿದವರು ‘ಮೇಲಿನಂತೆ’ ಎಂದು ಬರೆಯುವುದಿಲ್ಲ. ಹುಡುಗಿಯ ತಲೆಯಲ್ಲಿ ಒಂದು ನಿಯಮವೇ ಇತ್ತು: ಮೊದಲ ವರ್ಷ ಪೂರ್ತಿ ವರ್ಷ ಅಲ್ಲ, ಅದನ್ನು ಪಕ್ಕಕ್ಕಿಡು. ಮೊದಲ ಪೂರ್ಣ ವರ್ಷದ ಆರಂಭದಲ್ಲಿ ಉಳಿದ ಶಿಲ್ಕೇ ಬುಡ. ಅದರ ಮೇಲೆ ಒಂದು ಸಲ ದರ ಹಾಕಿದರೆ ವರ್ಷದ ಸವಕಳಿ ಸಿಕ್ಕಿತು, ಮುಂದೆ ಪ್ರತಿ ವರ್ಷ ಅದೇ. ಶಿಲ್ಕು ಇಳಿಯುತ್ತದೆ ಎಂಬುದು ಅವಳಿಗೆ ಗೊತ್ತು, ಖಾತೆಯಲ್ಲಿ ಅಚ್ಚುಕಟ್ಟಾಗಿ ಇಳಿಸಿಯೂ ಇದ್ದಾಳೆ. ಇಳಿದ ಶಿಲ್ಕಿನ ಮೇಲೆ ಪ್ರತಿ ವರ್ಷ ಹೊಸದಾಗಿ ದರ ಹಾಕಬೇಕು ಎಂಬುದು ಗೊತ್ತಿಲ್ಲ. ಇಳಿಕೆ ಶಿಲ್ಕಿನ ಹೆಸರಿಟ್ಟುಕೊಂಡು ಸ್ಥಿರ ಕಂತಿನ ಹಾದಿ ಹಿಡಿದ ಉತ್ತರ ಇದು. ಬುಡ ಮಾತ್ರ ಮೂಲ ಬೆಲೆಯ ಬದಲು 1,70,000.

ಹೀಗೆ ನೋಡಿದರೆ ಎರಡನೇ ವರ್ಷದ 34,000 ಸರಿ ಬಂದದ್ದೂ ಅದೃಷ್ಟವೇ. ಅವಳ ತಪ್ಪು ನಿಯಮವೂ ಸರಿಯಾದ ನಿಯಮವೂ ಆ ಒಂದು ವರ್ಷದಲ್ಲಿ ಒಂದೇ ಅಂಕಿ ಕೊಡುತ್ತವೆ. ಅದಕ್ಕೆ ಅಂಕ ಕೊಡಬಾರದೇ? ಕೊಡಬೇಕು, ಕೊಟ್ಟೆ. ಆ ಸಾಲಿನಲ್ಲಿ ಬರೆದಿರುವ ಟಿಪ್ಪಣಿ ಅಕ್ಷರಶಃ ಸರಿಯಿದೆ, ಅಂಕಿ ಸರಿಯಿದೆ. ಮುಂದಿನ ಸಾಲನ್ನು ಓದಿ ಹಿಂದಿನ ಸಾಲಿನ ಮನಸ್ಸನ್ನು ಊಹಿಸಿ ಅಂಕ ಕಿತ್ತುಕೊಳ್ಳಲು ಹೊರಟರೆ ಅದಕ್ಕೆ ಕೊನೆಯೇ ಇರುವುದಿಲ್ಲ.

ಇನ್ನೊಂದು ತಾಳೆ ನೋಡಿಕೊಂಡೆ. ಅವಳ ಲಾಭಕ್ಕೂ ಸರಿಯಾದ ಲಾಭಕ್ಕೂ ವ್ಯತ್ಯಾಸ 12,920. ಮೂರನೇ ವರ್ಷ ಅವಳು ಹೆಚ್ಚು ಹಾಕಿದ ಸವಕಳಿ 6,800, ನಾಲ್ಕನೇ ವರ್ಷ ಹೆಚ್ಚು ಹಾಕಿದ್ದು 6,120. ಕೂಡಿದರೆ 12,920. ಅಂದರೆ ತಪ್ಪು ಆ ಎರಡು ಜಾಗಗಳಲ್ಲಿ ಮಾತ್ರ ಇದೆ, ಬೇರೆಲ್ಲೂ ಕೂಡುವ ಕಳೆಯುವ ತಪ್ಪು ಅಡಗಿಲ್ಲ. ಈ ತಾಳೆಗೆ ಅರ್ಧ ನಿಮಿಷ ಸಾಕು. ಖಾತೆಯ ಎರಡು ಬದಿ ಸಮವಾಗಿದೆಯೇ ಎಂದು ನೋಡುವುದಕ್ಕಿಂತ ಇದು ಎಷ್ಟೋ ಮೇಲು. ಅವಳ ಕೊನೆಯ ವರ್ಷದ ಖಾತೆ ಎರಡು ಬದಿಯಲ್ಲೂ 1,17,000ಕ್ಕೆ ಸಮವಾಗಿತ್ತು: ಖರ್ಚಿನ ಬದಿಯಲ್ಲಿ 1,02,000 ಮತ್ತು ಲಾಭ 15,000, ಜಮಾ ಬದಿಯಲ್ಲಿ ಬ್ಯಾಂಕಿನ 1,00,000 ಮತ್ತು ಸವಕಳಿ 17,000. ಲಾಭವೆಂಬುದು ಎರಡು ಬದಿಯ ನಡುವೆ ಉಳಿಯುವ ಅಂಕಿ. ಸವಕಳಿಯ ಜಾಗದಲ್ಲಿ ಏನು ಬರೆದರೂ ಖಾತೆ ಸಮವಾಗಿಯೇ ಕೂರುತ್ತದೆ. ಎರಡೂ ಬದಿ ಕೂಡಿಬಂದದ್ದನ್ನು ಕಂಡು ದೊಡ್ಡ ಟಿಕ್ ಹಾಕುವವರನ್ನು ನಾನು ನೋಡಿದ್ದೇನೆ.

ಇನ್ನು ಅಂಕ. ಮೂಲ ಬೆಲೆ 1, ಮೊದಲ ವರ್ಷ 2, ಎರಡನೇ ವರ್ಷ 1, ಮಾರಾಟದ ನಮೂದು 1. ಇವುಗಳಲ್ಲಿ ತಕರಾರಿಲ್ಲ. ಮೂರನೇ ವರ್ಷ 0, ಇದರಲ್ಲೂ ಇಲ್ಲ.

ಶಿಲ್ಕಿನ 2 ಅಂಕ ಪೂರ್ತಿ ಕೊಟ್ಟೆ. 1,36,000ದಿಂದ 34,000 ಕಳೆದರೆ 1,02,000, ಅದನ್ನು ಅವಳು ಮುಂದಿನ ವರ್ಷದ ಆರಂಭಕ್ಕೆ ತಪ್ಪದೆ ತಂದಿದ್ದಾಳೆ. ಸವಕಳಿಯ ಅಂಕಿ ತಪ್ಪಾಗಿದೆ, ಶಿಲ್ಕು ತೆಗೆಯುವ ಕೆಲಸ ತಪ್ಪಾಗಿಲ್ಲ. ಲಾಭದ 2 ಅಂಕವೂ ಹಾಗೆಯೇ. ಅವಳ ಪುಸ್ತಕ ಮೌಲ್ಯ 85,000, ಮಾರಿದ್ದು 1,00,000ಕ್ಕೆ, ಲಾಭ 15,000, ಬರೆದದ್ದು ಖರ್ಚಿನ ಬದಿಯಲ್ಲಿ, ಲಾಭ ನಷ್ಟ ಖಾತೆಯ ಹೆಸರಿನಲ್ಲಿ. ಇದಕ್ಕಿಂತ ಹೆಚ್ಚಿನದನ್ನು ಸ್ಕೀಮು ಕೇಳುವುದಿಲ್ಲ. ಕೀಯಲ್ಲಿ 2,080 ಇದೆಯೆಂದು ಈ ಎರಡು ಅಂಕ ಕಳೆದದ್ದು ಮೊದಲ ಮೌಲ್ಯಮಾಪಕರ ಅತಿ ದೊಡ್ಡ ತಪ್ಪು. ಸವಕಳಿಯಲ್ಲಿ ಎಡವಿದವಳಿಗೆ ಮಾರಾಟದ ಲೆಕ್ಕ ಬರುತ್ತದೋ ಇಲ್ಲವೋ ಎಂದು ಬೇರೆಯಾಗಿ ಪರೀಕ್ಷಿಸಲೆಂದೇ ಸ್ಕೀಮು ಆ ಅಂಕಗಳನ್ನು ಬೇರೆ ಇಟ್ಟಿದೆ.

ಉಳಿದದ್ದು ನಾಲ್ಕನೇ ವರ್ಷದ 2 ಅಂಕ. ಆರು ತಿಂಗಳು ಸರಿಯಾಗಿ ಎಣಿಸಿದ್ದಾಳೆ, ಆ 1 ಅವಳದು. ಸರಿಯಾದ ಮೊತ್ತದ ಮೇಲೆ ದರ ಹಾಕಿದ್ದಕ್ಕಿರುವ ಇನ್ನೊಂದು ಅಂಕ ಕೊಡಬೇಕೇ? ನಾವು ಮೂವರೂ ಮುಕ್ಕಾಲು ಗಂಟೆ ಕಳೆದದ್ದು ಈ ಒಂದು ಅಂಕದ ಮೇಲೆ.

ಸ್ವಂತ ಅಂಕಿಯ ಸೂಚನೆ ಇಲ್ಲಿ ನೆರವಿಗೆ ಬರುವುದಿಲ್ಲ. ಅದು ಕಾಯುವುದು ತಪ್ಪು ಅಂಕಿಯಿಂದ ಸರಿಯಾದ ದಾರಿಯಲ್ಲಿ ಮುಂದೆ ಹೋದವರನ್ನು. ಅವಳ ಸ್ವಂತ ಅಂಕಿ 1,02,000. ಅದರ ಮೇಲೆ ದರ ಹಾಕಿ 10,200 ಬರೆದಿದ್ದರೆ ಮರುಮಾತಿಲ್ಲದೆ ಅಂಕ ಕೊಡುತ್ತಿದ್ದೆ. ಅವಳು ತನ್ನದೇ ಶಿಲ್ಕನ್ನು ಮುಟ್ಟಲಿಲ್ಲ, ಎರಡು ವರ್ಷ ಹಿಂದಿನ ಬುಡಕ್ಕೆ ಮರಳಿದಳು. 17,000 ಎನ್ನುವುದು ಹಿಂದಿನ ತಪ್ಪಿನ ಪರಿಣಾಮ ಅಲ್ಲ.

“ಹಾಗಾದ್ರೆ ಒಂದೇ ತಪ್ಪಿಗೆ ಎರಡು ಸಲ ಕಳೆದ ಹಾಗಾಯ್ತಲ್ಲ ಸರ್?” ಎಂದು 11 ಕೊಟ್ಟವರು ಬಿಡಲಿಲ್ಲ. ಅವರ ಪ್ರಶ್ನೆ ನ್ಯಾಯವಾದದ್ದೇ. ನನ್ನ ಉತ್ತರ ಇದು: ಎರಡು ಸಲ ಕಳೆಯಬಾರದು ಎನ್ನುವುದು ಒಂದು ತಪ್ಪು ಅಂಕಿ ಕೆಳಗಿನ ಸಾಲುಗಳಿಗೆ ಹರಿದು ಎಲ್ಲವನ್ನೂ ಕೆಡಿಸಿದಾಗಿನ ಮಾತು. ಇಲ್ಲಿ ಸ್ಕೀಮು ಒಂದೇ ತಿಳಿವಳಿಕೆಯನ್ನು ಬೇರೆ ಬೇರೆ ವರ್ಷಗಳಲ್ಲಿ ಕೇಳಿದೆ, ಪ್ರತಿ ಸಲಕ್ಕೂ ಪ್ರತ್ಯೇಕ ಅಂಕ ಇಟ್ಟಿದೆ. 2022ರಲ್ಲಿ ಕೇಳಿತು, ಅವಳು ತೋರಿಸಲಿಲ್ಲ. 2023ರಲ್ಲಿ ಮತ್ತೆ ಕೇಳಿತು, ಆಗಲೂ ತೋರಿಸಲಿಲ್ಲ. ತೋರಿಸದ ಎರಡನೇ ಅಂಕವನ್ನು ‘ಒಂದೇ ತಪ್ಪು’ ಎಂದು ಕೊಟ್ಟರೆ, ಅದನ್ನು ತೋರಿಸಿದವರಿಗೂ ತೋರಿಸದವರಿಗೂ ವ್ಯತ್ಯಾಸ ಇರುವುದಿಲ್ಲ.

ಮಾತಿಗಿಂತ ಹೋಲಿಕೆ ಹೆಚ್ಚು ಒಪ್ಪಿಸಿತು. ಕಾಗದದ ಮೇಲೆ ಇನ್ನಿಬ್ಬರು ವಿದ್ಯಾರ್ಥಿಗಳನ್ನು ಕಲ್ಪಿಸಿಕೊಂಡೆವು. ಒಬ್ಬನು 2022ರ ಸವಕಳಿ 27,200 ಎಂದು ಲೆಕ್ಕ ಮಾಡಿ, ಖಾತೆಯಲ್ಲಿ 22,700 ಎಂದು ಅಂಕೆ ಹಿಂದುಮುಂದು ಮಾಡಿದ. ಅವನ ಶಿಲ್ಕು 1,13,300, ಅದರ ಮೇಲೆ ಆರು ತಿಂಗಳಿಗೆ 11,330, ಪುಸ್ತಕ ಮೌಲ್ಯ 1,01,970. ಲಾಭದ ಬದಲು 1,970 ನಷ್ಟ, ಬರೆಯಬೇಕಾದ ಬದಿಯೂ ಜಮಾ ಬದಿ. ಆದರೂ ಎಲ್ಲವೂ ಅವನ ಸ್ವಂತ ಅಂಕಿಯಿಂದ ಸರಿ. ಅವನಿಗೆ 11. ಇನ್ನೊಬ್ಬನು ಮೊದಲಿಂದ ಕೊನೆಯವರೆಗೂ ಮೂಲ ಬೆಲೆಯ ಮೇಲೇ ಸವಕಳಿ ಹಾಕಿದ: 30,000, 40,000, 40,000, 20,000. ಪುಸ್ತಕ ಮೌಲ್ಯ 70,000, ಲಾಭ 30,000. ಅವನಿಗೆ ಎರಡನೇ ವರ್ಷ 0, ಮೂರನೇ ವರ್ಷ 0, ನಾಲ್ಕನೇ ವರ್ಷ ತಿಂಗಳಿಗೆ 1 ಮಾತ್ರ, ಒಟ್ಟು 9. ನಮ್ಮ ಹುಡುಗಿ ಇವರಿಬ್ಬರ ನಡುವೆ ಇರಬೇಕು. ಅವಳಿಗೆ 11 ಕೊಟ್ಟರೆ ಕೈತಪ್ಪಿದವನೂ ವಿಧಾನ ತಪ್ಪಿದವಳೂ ಒಂದೇ ಆಗುತ್ತಾರೆ. 10 ಕೊಟ್ಟರೆ ಸಾಲು ಸರಿಯಾಗುತ್ತದೆ. ಅಲ್ಲಿಗೆ 10 ಎಂದು ಬರೆದು ಸಹಿ ಹಾಕಿದೆವು.

ಈ ಹೋಲಿಕೆ ಇನ್ನೊಂದನ್ನೂ ಹೊರಗೆ ತಂದಿತು, ಅದು ನಮಗೆ ಅಷ್ಟು ಹಿತವಾಗಿರಲಿಲ್ಲ. ಇಳಿಕೆ ಶಿಲ್ಕು ವಿಧಾನದ ಪ್ರಶ್ನೆಗೆ ಪೂರ್ತಿ ಸ್ಥಿರ ಕಂತಿನಲ್ಲಿ ಉತ್ತರಿಸಿದವನಿಗೆ ಹನ್ನೆರಡರಲ್ಲಿ 9 ಬರುತ್ತದೆ! ಮೊದಲ ವರ್ಷ ಎರಡು ವಿಧಾನದಲ್ಲೂ 30,000ವೇ ಬರುವುದರಿಂದ ಆ 2 ಅಂಕ ವಿಧಾನವನ್ನು ಪರೀಕ್ಷಿಸುವುದೇ ಇಲ್ಲ. ಬೆಲೆ, ಮಾರಾಟ, ಲಾಭ, ಶಿಲ್ಕು ಇವಾವುವೂ ವಿಧಾನಕ್ಕೆ ಸಂಬಂಧಿಸಿದ್ದಲ್ಲ. ಲೆಕ್ಕ ಹಾಕಿದರೆ ವಿಧಾನದ ಮೇಲೆ ನಿಂತಿರುವುದು ಮೂರೇ ಅಂಕ. ಕೆಲವು ಸ್ಕೀಮುಗಳಲ್ಲಿ ಕೇಳಿದ ವಿಧಾನ ಬಿಟ್ಟು ಬೇರೆಯದನ್ನು ಬಳಸಿದರೆ ಗರಿಷ್ಠ ಇಷ್ಟೇ ಅಂಕ ಎಂಬ ಮಿತಿ ಇರುತ್ತದೆ. ಇದರಲ್ಲಿ ಇರಲಿಲ್ಲ. ಇಲ್ಲದ ಮಿತಿಯನ್ನು ಮೂರನೇ ಓದಿನಲ್ಲಿ ಕುಳಿತು ಒಬ್ಬರ ಪತ್ರಿಕೆಗೆ ಮಾತ್ರ ಹುಟ್ಟಿಸುವುದು ನಮ್ಮ ಕೆಲಸ ಅಲ್ಲ, ಅದಾಗಲೇ ನೂರಾರು ಪತ್ರಿಕೆಗಳು ಆ ಮಿತಿಯಿಲ್ಲದೆ ಮುಗಿದಿದ್ದವು. ಮುಂದಿನ ಸಲ ಸ್ಕೀಮು ಬರೆಯುವವರಿಗೆ ಎರಡು ಸಾಲಿನ ಟಿಪ್ಪಣಿ ಕಳಿಸಿದೆ: ಎರಡನೇ ಮತ್ತು ಮೂರನೇ ವರ್ಷಕ್ಕೆ ತಲಾ 2 ಅಂಕ ಇಡಿ, ಬುಡಕ್ಕೊಂದು, ಅಂಕಿಗೊಂದು. ಮೊದಲ ವರ್ಷದಿಂದ ಮತ್ತು ಶಿಲ್ಕಿನಿಂದ ಒಂದೊಂದು ಕಡಿಮೆ ಮಾಡಿ.

ಬುಡಕ್ಕೂ ಅಂಕಿಗೂ ಅಂಕ ಬೇರೆಯಾಗಿದ್ದರೆ 27,200ವನ್ನು 22,700 ಎಂದು ಬರೆದವನಿಗೆ ಬುಡದ ಅಂಕ ಉಳಿಯುತ್ತಿತ್ತು. ಈಗಿನ ಸ್ಕೀಮಿನಲ್ಲಿ ಮೂರನೇ ವರ್ಷದ ಒಂದು ಅಂಕ ಇಡಿಯಾಗಿ ಬರಬೇಕು ಇಲ್ಲವೇ ಇಡಿಯಾಗಿ ಹೋಗಬೇಕು.

ಕೊಠಡಿಯಿಂದ ಹೊರಡುವ ಮುಂಚೆ 6 ಕೊಟ್ಟವರು ತಮ್ಮ ಕಟ್ಟಿನ ಆ ದಿನದ ಪತ್ರಿಕೆಗಳನ್ನು ಮತ್ತೆ ಬಿಚ್ಚಿದರು. ಲಾಭದ ಜಾಗದಲ್ಲಿ 2,080 ಇಲ್ಲದವನ್ನೆಲ್ಲ ಬೇರೆ ಇಟ್ಟು, ಒಂದೊಂದರಲ್ಲೂ ನಾಲ್ಕನೇ ವರ್ಷದ ಸವಕಳಿಯನ್ನು ಅದರ ಮೇಲಿನ ಶಿಲ್ಕಿನ ಜೊತೆ ಹೋಲಿಸುತ್ತ ಹೋದರು. ನಾಲ್ಕನೇ ಪತ್ರಿಕೆಯಲ್ಲಿ ಮತ್ತೆ 34,000 ಎರಡು ಸಲ ಕಂಡಿತು. ಅದರ ಕೊನೆಯಲ್ಲಿ ಲಾಭ 8,200. ಅವರು ಮೊದಲು ಅದಕ್ಕೂ 6 ಹಾಕಿದ್ದರು. ಅದನ್ನು ಹೊಡೆದು ಪಕ್ಕದಲ್ಲಿ 11 ಎಂದು ಬರೆದು, ನಮ್ಮ ಕಡೆ ನೋಡದೆ ಮುಂದಿನದನ್ನು ಕೈಗೆತ್ತಿಕೊಂಡರು.